ಬ್ರಿಟನ್‌ನಲ್ಲಿ ಕೆಲಸಕ್ಕೂ ಬಾಡಿಗೆ ಮನೆಗೂ ಕೇಳುವ ಆ ಒಂಬತ್ತು ಅಕ್ಷರದ ಕೋಡ್: ಶೇರ್ ಕೋಡ್ ಅಂದರೆ ಏನು, ಅದು ಹೇಗೆ ಕೆಲಸ ಮಾಡುತ್ತದೆ?

ಕಳೆದ ಅಕ್ಟೋಬರ್‌ನಲ್ಲಿ ನನ್ನ ಅಕ್ಕನ ಮಗಳು ಯೂನಿವರ್ಸಿಟಿ ಹಾಸ್ಟೆಲ್ ಬಿಟ್ಟು ಲೆಸ್ಟರ್‌ನಲ್ಲಿ ಒಂದು ಬಾಡಿಗೆ ಮನೆಗೆ ಹೋಗಬೇಕಿತ್ತು. ದಾವಣಗೆರೆಯ ಹುಡುಗಿ, 2024ರ ಸೆಪ್ಟೆಂಬರ್‌ನಲ್ಲಿ ಎಂಎಸ್ಸಿ ಓದಲು ಬಂದಿದ್ದವಳು. ಲೆಟಿಂಗ್ ಏಜೆಂಟ್ ಹತ್ತಿರ ಹೋಗಿ ವೀಸಾದ ವಿವರ ಇರುವ ತನ್ನ ಬಿಆರ್‌ಪಿ ಕಾರ್ಡ್ ತೋರಿಸಿದಳು. ಆತ ಕಾರ್ಡ್ ತಿರುಗಿಸಿ ನೋಡಿ, "ಇದು 31 ಡಿಸೆಂಬರ್ 2024ಕ್ಕೇ ಮುಗಿದಿದೆಯಲ್ಲಾ, ನಿಮ್ಮ ವೀಸಾನೇ ಇಲ್ಲ" ಅಂದುಬಿಟ್ಟ. ಅವಳಿಗೆ ಕೈಕಾಲು ತಣ್ಣಗಾಯಿತು. ಫೋನ್ ಮಾಡಿ, "ಮಾಮ, ನಾನು ಇಷ್ಟು ದಿನ ವೀಸಾ ಇಲ್ಲದೇ ಇದ್ನಾ?" ಅಂತ ಕೇಳಿದಳು.

ಇಲ್ಲ. ಅವಳ ವೀಸಾ 27 ಜನವರಿ 2026ರವರೆಗೆ ಇತ್ತು. ಮುಗಿದದ್ದು ಕಾರ್ಡ್ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಓದುವ ಮಕ್ಕಳು, ನರ್ಸ್‌ಗಳು, ಐಟಿಯವರು ಎಲ್ಲರೂ ಒಂದಲ್ಲ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ. ಹಾಗಾಗಿ ಇದನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ.

## ಕಾರ್ಡ್ ಹೋಯಿತು, ದಾಖಲೆ ಉಳಿಯಿತು

ಮೊದಲು ಬ್ರಿಟನ್‌ಗೆ ಆರು ತಿಂಗಳಿಗಿಂತ ಜಾಸ್ತಿ ಇರಲು ಬಂದವರಿಗೆ ಬಿಆರ್‌ಪಿ ಅನ್ನುವ ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಿದ್ದರು. ಫೋಟೋ, ಬೆರಳಚ್ಚಿನ ಚಿಪ್, ವೀಸಾ ಯಾವುದು, ಎಲ್ಲಿಯವರೆಗೆ ಅನ್ನುವುದೆಲ್ಲ ಅದರಲ್ಲಿ ಇರುತ್ತಿತ್ತು. ವೀಸಾ ನೋಡಿಕೊಳ್ಳುವ ಅಲ್ಲಿನ ಗೃಹ ಇಲಾಖೆ, ಅಂದರೆ ಹೋಮ್ ಆಫೀಸ್, ಈ ಕಾರ್ಡನ್ನೇ ಕೈಬಿಡುವ ತೀರ್ಮಾನ ಮಾಡಿತು. ಅದಕ್ಕೇ ಕೊನೆಕೊನೆಗೆ ಕೊಟ್ಟ ಕಾರ್ಡ್‌ಗಳ ಮೇಲೆ, ವೀಸಾ ಎಷ್ಟೇ ದೂರದವರೆಗೆ ಇದ್ದರೂ, 31 ಡಿಸೆಂಬರ್ 2024 ಅಂತಲೇ ಪ್ರಿಂಟ್ ಆಗಿರುತ್ತಿತ್ತು. ಏಜೆಂಟ್ ಕಣ್ಣಿಗೆ ಬಿದ್ದದ್ದು ಆ ತಾರೀಖು.

ಈಗ ಕಾರ್ಡ್ ಬದಲಿಗೆ ಇರುವುದು ಇ-ವೀಸಾ. ಹೆಸರು ಕೇಳಿ ಇಮೇಲ್‌ನಲ್ಲಿ ಬರುವ ಒಂದು ಪಿಡಿಎಫ್ ಅಂದುಕೊಳ್ಳಬೇಡಿ. ಅದು ಹೋಮ್ ಆಫೀಸಿನ ಕಂಪ್ಯೂಟರ್‌ನಲ್ಲಿರುವ ನಿಮ್ಮ ದಾಖಲೆ. ನಿಮ್ಮ ಹತ್ತಿರ ಇರುವುದು ಅದನ್ನು ತೆರೆಯುವ ಖಾತೆ, ಅದಕ್ಕೆ ಯುಕೆವಿಐ ಅಕೌಂಟ್ ಅನ್ನುತ್ತಾರೆ. ಇನ್ನೂ ಹೊಸ ವಿಷಯ ಅಂದರೆ, 2025ರ ಜುಲೈ 15ರಿಂದ ಓದು ಮತ್ತು ಕೆಲಸದ ಹೆಚ್ಚಿನ ವೀಸಾಗಳಲ್ಲಿ ಮುಖ್ಯ ಅರ್ಜಿದಾರರಿಗೆ ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಅಂಟಿಸುವುದನ್ನೂ ನಿಲ್ಲಿಸಿದ್ದಾರೆ. ಬೆಂಗಳೂರಿನಿಂದ ವಿಮಾನ ಹತ್ತುವ ಮಗನ ಪಾಸ್‌ಪೋರ್ಟ್ ತೆರೆದು "ವೀಸಾ ಎಲ್ಲಿ?" ಅಂತ ಅಪ್ಪ ಅಮ್ಮ ಗಾಬರಿಯಾಗುವುದು ಇದಕ್ಕೇ.

ನಮ್ಮ ಪಹಣಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಿಂದೆ ಶಾನುಭೋಗರೋ ಗ್ರಾಮ ಲೆಕ್ಕಿಗರೋ ಕೈಯಲ್ಲಿ ಬರೆದುಕೊಟ್ಟ ಪಹಣಿಯೇ ಆಧಾರ. ಆಮೇಲೆ "ಭೂಮಿ" ಬಂತು, ದಾಖಲೆ ಕಂಪ್ಯೂಟರ್‌ಗೆ ಹೋಯಿತು. ಈಗ ಜಮೀನು ಕೊಳ್ಳುವವನು ನೀವು ಕೊಟ್ಟ ಹಳೇ ಕಾಗದ ನೋಡಿ ಸುಮ್ಮನಿರುವುದಿಲ್ಲ. ಸರ್ವೆ ನಂಬರ್ ಹಾಕಿ ತಾನೇ ತೆಗೆದು ನೋಡುತ್ತಾನೆ. ಬ್ರಿಟನ್‌ನಲ್ಲಿ ಕೆಲಸ ಕೊಡುವವರು, ಮನೆ ಕೊಡುವವರು ಮಾಡುವುದೂ ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸ ಇದೆ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು, ಇದನ್ನು ನೀವು ಬೀಗದ ಕೈ ಕೊಟ್ಟರೆ ಮಾತ್ರ. ಆ ಬೀಗದ ಕೈಯೇ ಶೇರ್ ಕೋಡ್.

## ಅವರು ಯಾಕೆ ಕೇಳುತ್ತಾರೆ?

ಕುತೂಹಲಕ್ಕಲ್ಲ. ಕಾನೂನು ಹಾಗಿದೆ. ಬ್ರಿಟನ್‌ನಲ್ಲಿ ಯಾರನ್ನೇ ಕೆಲಸಕ್ಕೆ ಸೇರಿಸಿಕೊಂಡರೂ, ಅವರು ಅಲ್ಲಿಯವರೇ ಆಗಿರಲಿ ಹೊರಗಿನವರಾಗಿರಲಿ, ಮೊದಲ ದಿನದ ಕೆಲಸ ಶುರುವಾಗುವ ಮುಂಚೆ ಅವರಿಗೆ ಕೆಲಸ ಮಾಡುವ ಹಕ್ಕು ಇದೆಯಾ ಅಂತ ಮಾಲೀಕರು ನೋಡಬೇಕು. ನೋಡದೆ ಸೇರಿಸಿಕೊಂಡು, ಆ ವ್ಯಕ್ತಿಗೆ ಹಕ್ಕು ಇಲ್ಲ ಅಂತ ಆಮೇಲೆ ಗೊತ್ತಾದರೆ ದಂಡ. 2024ರ ಫೆಬ್ರವರಿ 13ರಿಂದ ಆ ದಂಡ ಮೊದಲ ಸಲಕ್ಕೇ ಒಬ್ಬ ಕೆಲಸಗಾರನಿಗೆ 45,000 ಪೌಂಡ್‌ವರೆಗೆ ಇದೆ, ಮತ್ತೆ ಸಿಕ್ಕಿಬಿದ್ದರೆ 60,000ದವರೆಗೆ. ಮನೆ ಓನರ್‌ಗಳಿಗೂ ಮೊದಲ ಸಲಕ್ಕೆ ಒಬ್ಬ ಬಾಡಿಗೆದಾರನಿಗೆ 10,000 ಪೌಂಡ್‌ವರೆಗೆ ಬೀಳಬಹುದು. ತಮ್ಮ ಮನೆಯಲ್ಲೇ ಒಂದು ರೂಮು ಕೊಟ್ಟು ಪಿಜಿ ತರಹ ಇಟ್ಟುಕೊಂಡವರಿಗೂ ಇದು ತಪ್ಪಿದ್ದಲ್ಲ, ಅವರಿಗೆ 5,000ದವರೆಗೆ.

ಸರಿಯಾದ ಕ್ರಮದಲ್ಲಿ ಪರೀಕ್ಷೆ ಮಾಡಿ, ಅದರ ಪ್ರತಿ ಇಟ್ಟುಕೊಂಡಿದ್ದರೆ ಮಾತ್ರ ಅವರಿಗೆ ದಂಡದಿಂದ ರಕ್ಷಣೆ. ಈ "ಸರಿಯಾದ ಕ್ರಮದಲ್ಲಿ" ಅನ್ನುವುದೇ ಮುಖ್ಯ. 2022ರ ಏಪ್ರಿಲ್ 6ರಿಂದ ಬಿಆರ್‌ಪಿ ಕಾರ್ಡನ್ನು ಕಣ್ಣಲ್ಲಿ ನೋಡಿದರೆ ಅದು ಪರೀಕ್ಷೆ ಅಂತಲೇ ಲೆಕ್ಕವಿಲ್ಲ. ಆನ್‌ಲೈನ್‌ನಲ್ಲೇ ನೋಡಬೇಕು. ಅಂದರೆ ಬರೀ ಕಾರ್ಡ್ ನೋಡಿದ ಆ ಏಜೆಂಟ್ ತನ್ನ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಿದ್ದ.

ಬಾಡಿಗೆಯ ಈ ನಿಯಮ ಇಂಗ್ಲೆಂಡ್‌ಗೆ ಮಾತ್ರ. ಅಲ್ಲಿ ಅದು ಪೂರ್ತಿಯಾಗಿ ಜಾರಿಯಾದದ್ದು 2016ರ ಫೆಬ್ರವರಿಯಲ್ಲಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಇಲ್ಲ. ಗ್ಲಾಸ್ಗೋದಲ್ಲಿ ಓದುವ ಹುಡುಗನಿಗೆ ಮನೆಗಾಗಿ ಈ ಕೋಡ್ ಬೇಕಾಗುವುದಿಲ್ಲ, ಕೆಲಸಕ್ಕೆ ಮಾತ್ರ ಬೇಕು. ಇಂಗ್ಲೆಂಡ್‌ನಲ್ಲೂ ಯೂನಿವರ್ಸಿಟಿ ಹಾಸ್ಟೆಲ್‌ಗೆ ವಿನಾಯಿತಿ ಇದೆ. ಅದಕ್ಕೇ ನಮ್ಮ ಹುಡುಗಿಗೆ ಮೊದಲ ವರ್ಷ ಮನೆಗಾಗಿ ಇದನ್ನು ಯಾರೂ ಕೇಳಿರಲಿಲ್ಲ.

## ಕೋಡ್ ತೆಗೆಯುವುದು ಹೇಗೆ?

ಕೆಲಸಕ್ಕಾದರೆ gov.uk/prove-right-to-work, ಬಾಡಿಗೆಗಾದರೆ gov.uk/prove-right-to-rent. ಎರಡೂ ಸರ್ಕಾರದ್ದೇ, ದುಡ್ಡಿಲ್ಲ. ಶುಲ್ಕ ಕೇಳುವ ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಖಾತೆ ಮಾಡುವಾಗ ಯಾವ ಪಾಸ್‌ಪೋರ್ಟ್ ಅಥವಾ ಬಿಆರ್‌ಪಿ ಜೋಡಿಸಿದ್ದಿರೋ ಅದರ ನಂಬರ್ ಮತ್ತು ಹುಟ್ಟಿದ ತಾರೀಖು ಹಾಕಬೇಕು. ಫೋನ್‌ಗೋ ಇಮೇಲ್‌ಗೋ ಒಂದು ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ಒಳಗೆ ಹೋಗುತ್ತೀರಿ. ಕೆಲಸಕ್ಕಾ, ಬಾಡಿಗೆಗಾ, ಬೇರೆ ಯಾವುದಕ್ಕಾದರೂ ಬೇಕಾ ಅಂತ ಕೇಳುತ್ತದೆ. ಆರಿಸಿದರೆ ಒಂಬತ್ತು ಅಕ್ಷರ ಅಂಕಿಗಳ ಕೋಡ್ ಬರುತ್ತದೆ. 90 ದಿನ ನಡೆಯುತ್ತದೆ. ಎಷ್ಟು ಸಲ ಬೇಕಾದರೂ ಹೊಸದು ತೆಗೆಯಬಹುದು.

ಮೊದಲ ಅಕ್ಷರವನ್ನು ಗಮನಿಸಿ. ಕೆಲಸದ ಕೋಡ್ `W` ನಿಂದ ಶುರುವಾಗುತ್ತದೆ, ಬಾಡಿಗೆಯದು `R` ನಿಂದ, ಬ್ಯಾಂಕ್ ಕಾಲೇಜು ಇತ್ಯಾದಿಗೆ `S`. ಒಂದರ ಕೋಡ್ ಇನ್ನೊಂದರ ಬಾಗಿಲು ತೆರೆಯುವುದಿಲ್ಲ. "ನಿಮ್ಮ ಕೋಡ್ ಕೆಲಸ ಮಾಡ್ತಿಲ್ಲ" ಅಂತ ಓನರ್ ಹೇಳಿದರೆ ಮೊದಲು ಇದನ್ನೇ ನೋಡಿ. ಎಷ್ಟೋ ಸಲ ಕೆಲಸಕ್ಕೆ ಕೊಟ್ಟ `W` ಕೋಡನ್ನೇ ಮನೆಗೂ ಕಳಿಸಿರುತ್ತಾರೆ.

ನಮ್ಮ ಮನೆಯಲ್ಲಿ ಅವತ್ತು ರಾತ್ರಿ ಸಮಸ್ಯೆ ಬಂದದ್ದು ಅದಕ್ಕೂ ಮೊದಲೇ, ಓಟಿಪಿಯಲ್ಲಿ. ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು, ಒಂಬತ್ತು ಗಂಟೆ. ನಂಬರ್ ಹಾಕಿದಳು, ಹುಟ್ಟಿದ ತಾರೀಖು ಹಾಕಿದಳು, ಓಟಿಪಿ ಕಳಿಸಿದ್ದೇವೆ ಅಂತ ಬಂತು. ಅವಳ ಫೋನ್ ಸದ್ದು ಮಾಡಲಿಲ್ಲ. ಸ್ಕ್ರೀನ್ ಮೇಲೆ ಕಂಡ ನಂಬರಿನ ಕೊನೆಯ ಅಂಕಿಗಳು ಅವಳಪ್ಪನದು! ಖಾತೆ ಮಾಡುವಾಗ ವೀಸಾ ಅರ್ಜಿಯಲ್ಲಿದ್ದ ನಂಬರನ್ನೇ ಕೊಟ್ಟಿದ್ದಳು. ಇಮೇಲ್‌ಗೆ ತರಿಸೋಣ ಅಂದರೆ ಆ ಇಮೇಲ್ ಕನ್ಸಲ್ಟೆನ್ಸಿಯವರು ಮಾಡಿಕೊಟ್ಟದ್ದು, ಪಾಸ್‌ವರ್ಡ್ ಇವಳ ಹತ್ತಿರ ಇಲ್ಲ. ದಾವಣಗೆರೆಯಲ್ಲಿ ಆಗ ರಾತ್ರಿ ಒಂದೂವರೆ. ಭಾವನನ್ನು ಎಬ್ಬಿಸಿ, ಅವರು ಕನ್ನಡಕ ಹುಡುಕಿ, ಮೆಸೇಜ್ ಓದಿ ಹೇಳುವ ಹೊತ್ತಿಗೆ ಎರಡು ಸಲ ಮತ್ತೆ ಕಳಿಸಬೇಕಾಯಿತು. ಒಳಗೆ ಹೋದ ತಕ್ಷಣ ಮಾಡಿದ ಮೊದಲ ಕೆಲಸ ಫೋನ್ ನಂಬರ್, ಇಮೇಲ್ ಎರಡನ್ನೂ ಅವಳದೇ ಹೆಸರಿಗೆ ಬದಲಿಸಿದ್ದು.

ಅವಧಿ ಮುಗಿದ ಬಿಆರ್‌ಪಿಯನ್ನು ಎಸೆಯಬೇಡಿ ಅನ್ನುವುದೂ ಇದಕ್ಕೇ. ಖಾತೆ ಮಾಡಿದ್ದು ಅದರ ನಂಬರ್‌ನಿಂದ ಆಗಿದ್ದರೆ, ಒಳಗೆ ಹೋಗಲು ಅದೇ ನಂಬರ್ ಬೇಕು. ಹೊಸ ಪಾಸ್‌ಪೋರ್ಟ್ ಮಾಡಿಸಿದರೂ ಹಾಗೇ. ಹಳೆಯ ನಂಬರ್‌ನಲ್ಲಿ ಒಳಗೆ ಹೋಗಿ ಹೊಸದನ್ನು ಜೋಡಿಸುವವರೆಗೆ ಖಾತೆಗೆ ಹೊಸ ಪಾಸ್‌ಪೋರ್ಟ್ ಗೊತ್ತಿರುವುದಿಲ್ಲ.

## ಅವರು ಏನು ಮಾಡಬೇಕು, ಅವರಿಗೆ ಏನು ಕಾಣುತ್ತದೆ?

ನೀವು ಕೊಡುವುದು ಎರಡೇ: ಕೋಡ್ ಮತ್ತು ಹುಟ್ಟಿದ ತಾರೀಖು. ಕೆಲಸ ಕೊಡುವವರು gov.uk/view-right-to-work ಗೆ, ಮನೆ ಕೊಡುವವರು gov.uk/view-right-to-rent ಗೆ ಹೋಗಿ ತಾವೇ ಹಾಕಿ ನೋಡಬೇಕು. ನಿಮ್ಮ ಫೋನ್‌ನಲ್ಲಿ ತೋರಿಸಿದ ಪುಟ, ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್, ಪಿಡಿಎಫ್ ಇವು ಯಾವುದೂ ಲೆಕ್ಕಕ್ಕಿಲ್ಲ. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು ಅಲ್ವಾ? ಅವರ ಬದಿಯಿಂದ ತೆರೆದಾಗ ಬರುವುದು ಹೋಮ್ ಆಫೀಸಿನಿಂದ ನೇರವಾಗಿ ಬಂದ ಪುಟ.

ಆ ಪುಟದಲ್ಲಿ ನಿಮ್ಮ ಫೋಟೋ, ಹೆಸರು, ಹಕ್ಕು ಇದೆಯಾ, ಎಲ್ಲಿಯವರೆಗೆ ಇದೆ ಅನ್ನುವುದು ಇರುತ್ತದೆ. ಕೆಲಸದ ಪುಟವಾದರೆ ಷರತ್ತುಗಳೂ ಇರುತ್ತವೆ. ಡಿಗ್ರಿ ಮಟ್ಟದಲ್ಲಿ ಓದುತ್ತಿರುವವರಿಗೆ ಸಾಮಾನ್ಯವಾಗಿ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ. ಅದಕ್ಕೇ ಅಂಗಡಿಯವರೂ ಹೋಟೆಲಿನವರೂ ಕಾಲೇಜಿನ ರಜೆ ಯಾವಾಗ ಅನ್ನುವ ಪತ್ರ ಕೇಳುವುದು. ಆ ಪತ್ರ ಪಡೆಯುವುದೂ ಅವರ ಪರೀಕ್ಷೆಯ ಭಾಗವೇ. ಇಷ್ಟು ಬಿಟ್ಟರೆ ನಿಮ್ಮ ಖಾತೆಯೊಳಗೆ ಅವರು ಕೈ ಹಾಕಲಾಗುವುದಿಲ್ಲ.

ಆಮೇಲೆ ಅವರು ಆ ಫೋಟೋ ಮತ್ತು ನಿಮ್ಮ ಮುಖ ಒಂದೇನಾ ಅಂತ ನೋಡಬೇಕು, ಮುಖಾಮುಖಿಯಾಗಿ ಅಥವಾ ವಿಡಿಯೋ ಕಾಲ್‌ನಲ್ಲಿ. ಫೋಟೋ ನೋಡದೆ ಬರೀ ಪುಟ ಪ್ರಿಂಟ್ ಮಾಡಿಟ್ಟರೆ ಪರೀಕ್ಷೆ ಪೂರ್ತಿಯಾಗುವುದಿಲ್ಲ. ಪ್ರತಿಯನ್ನು ಕೆಲಸ ಕೊಡುವವರು ನೀವು ಇರುವಷ್ಟು ಕಾಲ ಮತ್ತು ಬಿಟ್ಟ ಮೇಲೆ ಎರಡು ವರ್ಷ ಇಟ್ಟುಕೊಳ್ಳಬೇಕು. ಓನರ್‌ಗಳಾದರೆ ಮನೆ ಬಿಟ್ಟ ಮೇಲೆ ಒಂದು ವರ್ಷ.

## "ನಿಮ್ಮ ವೀಸಾ ಮೂರೇ ತಿಂಗಳಿದೆ"

ಕೋಡ್ ಸಿಕ್ಕಿತು, ಏಜೆಂಟ್ ತೆರೆದು ನೋಡಿದ. ಆಗ ಹೊಸ ತಕರಾರು. ಜನವರಿ 27ಕ್ಕೆ ವೀಸಾ ಮುಗಿಯುತ್ತದೆ, ಆರು ತಿಂಗಳ ಕರಾರು ಹೇಗೆ ಮಾಡಲಿ ಅಂದ.

ಇಲ್ಲಿ ನಿಯಮ ಬಾಡಿಗೆದಾರರ ಪರವಾಗಿಯೇ ಇದೆ, ಆದರೆ ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ವೀಸಾಕ್ಕೆ ಕೊನೆಯ ದಿನ ಇರುವವರ ವಿಷಯದಲ್ಲಿ, ಕರಾರು ಶುರುವಾಗುವ ಮುಂಚಿನ 28 ದಿನಗಳ ಒಳಗೆ ಪರೀಕ್ಷೆ ಆಗಬೇಕು. ಹಾಗೆ ಮಾಡಿದರೆ ಓನರ್‌ಗೆ ರಕ್ಷಣೆ 12 ತಿಂಗಳು, ಅಥವಾ ವೀಸಾ ಮುಗಿಯುವವರೆಗೆ, ಎರಡರಲ್ಲಿ ಯಾವುದು ದೂರವೋ ಅದು. ಅಂದರೆ ವೀಸಾ ಮೂರೇ ತಿಂಗಳು ಉಳಿದಿದ್ದರೂ ಓನರ್ ಮತ್ತೆ ಪರೀಕ್ಷೆ ಮಾಡಬೇಕಾದ್ದು ಒಂದು ವರ್ಷದ ಹೊತ್ತಿಗೆ. ನಾವು ಸರ್ಕಾರದ ಮಾರ್ಗಸೂಚಿಯ ಆ ಪುಟವನ್ನೇ ಏಜೆಂಟ್‌ಗೆ ಕಳಿಸಿದೆವು. ಎರಡು ದಿನದಲ್ಲಿ ಒಪ್ಪಿಕೊಂಡ. ವೀಸಾಕ್ಕೆ ಕೊನೆಯ ದಿನ ಇದೆ ಅನ್ನುವುದಷ್ಟನ್ನೇ ಕಾರಣ ಮಾಡಿ ಯಾರನ್ನೂ ಬೇರೆಯಾಗಿ ನೋಡಬಾರದು ಅಂತಲೂ ಓನರ್‌ಗಳಿಗಿರುವ ನಿಯಮಾವಳಿ ಹೇಳುತ್ತದೆ.

ಕೆಲಸದಲ್ಲಿ ಹಾಗಿಲ್ಲ. ಅಲ್ಲಿ ರಕ್ಷಣೆ ವೀಸಾದ ಕೊನೆಯ ದಿನಕ್ಕೇ ನಿಲ್ಲುತ್ತದೆ. ಆ ದಿನ ಹತ್ತಿರ ಬಂದಾಗ ಎಚ್‌ಆರ್‌ನವರು ಮತ್ತೆ ಕೋಡ್ ಕೇಳುವುದು ಅನುಮಾನದಿಂದಲ್ಲ, ಅದು ಅವರ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟ ಕೆಲಸ.

## ಪುಟದಲ್ಲೇ ತಪ್ಪಿದ್ದರೆ?

ಕೋಡ್ ಬೇರೆಯವರಿಗೆ ಕೊಡುವ ಮುಂಚೆ ನಿಮ್ಮ ಪುಟವನ್ನು ನೀವೇ ಒಂದು ಸಲ ಓದಿ. ಹೆಸರು, ಹುಟ್ಟಿದ ತಾರೀಖು, ಫೋಟೋ, ಕೊನೆಯ ದಿನ, ಷರತ್ತು. ಐದು ನಿಮಿಷದ ಕೆಲಸ. ನೀವು ನೋಡುವ ಪುಟ ಒಂದೇ ಕಡೆ ಬರೆದಿಟ್ಟ ಹಾಳೆಯಲ್ಲ, ಹೋಮ್ ಆಫೀಸಿನ ಬೇರೆ ಬೇರೆ ದಾಖಲೆಗಳಿಂದ ಕೂಡಿಸಿ ಕೊಡುವಂಥದ್ದು. ಹಾಗಾಗಿ ಎಲ್ಲೋ ಒಂದು ಕಡೆ ತಪ್ಪಿದ್ದರೆ ಪುಟದಲ್ಲೂ ತಪ್ಪು ಬರುತ್ತದೆ. ಬೇರೆಯವರ ಫೋಟೋ ಬಂದದ್ದು, ಹಳೆಯ ವೀಸಾದ ವಿವರ ಬಂದದ್ದು ಎಲ್ಲ ನಡೆದಿದೆ.

ನಮ್ಮ ಕಡೆಯವರಿಗೆ ಇನ್ನೆರಡು ತೊಡಕು ಇವೆ. ಒಂದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಕೆಲಸದ ಅರ್ಜಿಯಲ್ಲಿ ಮೂರನೆಯ ಥರ ಬರೆದಿರುತ್ತೇವೆ. ಎದುರಿನವರಿಗೆ ಇದು ಇಬ್ಬರು ಬೇರೆ ಬೇರೆ ಜನ ಅನ್ನಿಸುತ್ತದೆ. ಇಂಥ ಅರ್ಜಿಗಳಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ.

ಇನ್ನೊಂದು ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಟ್ಟ ಮಕ್ಕಳು ನಮ್ಮಲ್ಲಿ ಎಷ್ಟೋ ಇದ್ದಾರೆ. ಮನೆಯಲ್ಲಿ ಕೇಕ್ ಕತ್ತರಿಸುವುದು ಬೇರೆ ದಿನ. ಎಚ್‌ಆರ್ ಫೋನ್‌ನಲ್ಲಿ ಕೇಳಿದಾಗ ಬಾಯಿಗೆ ಬರುವುದು ನಿಜವಾದ ಹುಟ್ಟುಹಬ್ಬ. ಆದರೆ ದಾಖಲೆಯಲ್ಲಿರುವುದು ಪಾಸ್‌ಪೋರ್ಟಿನ ತಾರೀಖು. ಎರಡೂ ಹೊಂದದಿದ್ದರೆ ಕೋಡ್ ತೆರೆಯುವುದಿಲ್ಲ.

ದಾಖಲೆಯಲ್ಲೇ ತಪ್ಪಿದ್ದರೆ gov.uk ನಲ್ಲಿ ಇ-ವೀಸಾ ತಪ್ಪು ತಿಳಿಸುವ ಫಾರಂ ಇದೆ, ಅದನ್ನು ತುಂಬಬೇಕು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ವೀಸಾ ಮಂಜೂರಾದ ಪತ್ರ ಜೊತೆಗೆ ಇರಲಿ. ಸರಿಯಾಗಲು ಸಮಯ ಹಿಡಿಯುತ್ತದೆ, ಆದ್ದರಿಂದ ಕೆಲಸಕ್ಕೆ ಸೇರುವ ಹಿಂದಿನ ದಿನ ನೋಡುವುದಕ್ಕಿಂತ ಇವತ್ತೇ ನೋಡುವುದು ಒಳ್ಳೆಯದು.

## ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ

ಎಲ್ಲಕ್ಕಿಂತ ಜಾಸ್ತಿ ಜನ ಹೆದರುವುದು ಇಲ್ಲಿ. ಹಳೆಯ ವೀಸಾ ಮುಗಿಯುವ ಮುಂಚೆ ಹೊಸದಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರೆ, ಉತ್ತರ ಬರುವವರೆಗೆ ಹಳೆಯ ವೀಸಾದ ಹಕ್ಕುಗಳು ತಾವಾಗಿಯೇ ಮುಂದುವರಿಯುತ್ತವೆ. ಕಾನೂನಿನಲ್ಲಿ ಇದಕ್ಕೆ ಸೆಕ್ಷನ್ 3ಸಿ ಅನ್ನುತ್ತಾರೆ. ತೊಂದರೆ ಏನೆಂದರೆ ಕೋಡ್ ಹಾಕಿದಾಗ ಎಷ್ಟೋ ಸಲ ಇದು ಕಾಣುವುದಿಲ್ಲ. ಹಕ್ಕು ಇರುತ್ತದೆ, ಪುಟ ಅದನ್ನು ಹೇಳುವುದಿಲ್ಲ.

ನಮ್ಮ ಹುಡುಗಿಗೆ ಹೀಗೇ ಆಯಿತು. ಓದು ಮುಗಿದು, ರಿಸಲ್ಟ್ ಬಂದು, ಜನವರಿ 12ಕ್ಕೆ, ಓದಿನ ನಂತರ ಅಲ್ಲೇ ಉಳಿದು ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದಳು. ಹಳೆಯದು 27ಕ್ಕೆ ಮುಗಿಯಿತು. ಒಂದು ಕಂಪನಿ ಫೆಬ್ರವರಿ 9ರಿಂದ ಕೆಲಸಕ್ಕೆ ಬಾ ಅಂದಿತ್ತು. ಜನವರಿ 30ಕ್ಕೆ ಎಚ್‌ಆರ್‌ನವರು ಕೋಡ್ ಕೇಳಿದರು, ಅವಳ ಪುಟದಲ್ಲಿ ಕಂಡದ್ದು ಮುಗಿದುಹೋದ ವಿದ್ಯಾರ್ಥಿ ವೀಸಾ.

ಇಂಥ ಹೊತ್ತಿನಲ್ಲಿ ಇರುವ ದಾರಿ ಎಂಪ್ಲಾಯರ್ ಚೆಕಿಂಗ್ ಸರ್ವಿಸ್. ಕೆಲಸ ಕೊಡುವವರು ಆನ್‌ಲೈನ್‌ನಲ್ಲಿ ಹೋಮ್ ಆಫೀಸನ್ನೇ ಕೇಳುತ್ತಾರೆ: ಈ ವ್ಯಕ್ತಿಯ ಅರ್ಜಿ ನಿಮ್ಮ ಹತ್ತಿರ ಇದೆಯಾ, ಕೆಲಸ ಮಾಡಬಹುದಾ? ಸಾಮಾನ್ಯವಾಗಿ ಐದು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ. ಹೌದು ಅಂದರೆ ಒಂದು ನೋಟಿಸ್ ಕೊಡುತ್ತಾರೆ, ಅದು ಆರು ತಿಂಗಳು ನಡೆಯುತ್ತದೆ, ಕಂಪನಿಗೆ ಅಷ್ಟು ದಿನ ರಕ್ಷಣೆ. ಇದನ್ನು ಕೇಳಬೇಕಾದವರು ಕಂಪನಿಯವರೇ, ನೀವು ಕೇಳಲಾಗುವುದಿಲ್ಲ. ನೀವು ಕೊಡಬೇಕಾದದ್ದು ಅರ್ಜಿ ಹಾಕಿದ ತಾರೀಖು, ಅರ್ಜಿಯ ನಂಬರ್, ಸ್ವೀಕೃತಿಯ ಪ್ರತಿ. ಮನೆ ಓನರ್‌ಗಳಿಗೂ ಲ್ಯಾಂಡ್‌ಲಾರ್ಡ್ ಚೆಕಿಂಗ್ ಸರ್ವಿಸ್ ಅಂತ ಇದೇ ಥರದ್ದು ಇದೆ, ಅಲ್ಲಿ ಎರಡು ಕೆಲಸದ ದಿನಗಳಲ್ಲಿ ಉತ್ತರ.

ಈಗಾಗಲೇ ಅದೇ ಕಡೆ ಕೆಲಸದಲ್ಲಿರುವವರಿಗೆ ಸ್ವಲ್ಪ ಉಸಿರಾಡಲು ಜಾಗ ಇದೆ. ವೀಸಾ ಮುಗಿಯುವ ದಿನ ಅರ್ಜಿ ಬಾಕಿ ಇದೆ ಅಂತ ಮಾಲೀಕರಿಗೆ ಗೊತ್ತಿದ್ದರೆ, ಈ ಪರೀಕ್ಷೆ ಮುಗಿಸಲು ಅವರಿಗೆ 28 ದಿನ ಸಿಗುತ್ತದೆ. ಹೊಸದಾಗಿ ಸೇರುವವರಿಗೆ ಆ 28 ದಿನ ಇಲ್ಲ, ನೋಟಿಸ್ ಬಂದ ಮೇಲೇ ಸೇರಬೇಕು.

ಅವಳ ಎಚ್‌ಆರ್‌ಗೆ ಇದು ಗೊತ್ತೇ ಇರಲಿಲ್ಲ. "ಹಾಗಾದರೆ ವೀಸಾ ಬಂದ ಮೇಲೆ ಹೇಳಿ" ಅಂತ ಬರೆದಿದ್ದರು. ಅವಳು ಅರ್ಜಿಯ ಸ್ವೀಕೃತಿ, ಅರ್ಜಿ ನಂಬರ್, ಆ ಸರ್ವಿಸ್‌ನ ವಿಳಾಸ ಮೂರನ್ನೂ ಒಂದೇ ಇಮೇಲ್‌ನಲ್ಲಿ ಹಾಕಿ, ದಯವಿಟ್ಟು ಇಲ್ಲಿ ಕೇಳಿ ನೋಡಿ ಅಂತ ಕಳಿಸಿದಳು. ಅವರು ಸೋಮವಾರ ಕೇಳಿದರು, ಶುಕ್ರವಾರ ಫೆಬ್ರವರಿ 6ಕ್ಕೆ ನೋಟಿಸ್ ಬಂತು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋದಳು.